ಡಿಸ್ಕೌಂಟ್ ತಗೊಳ್ಳಿ, ಶೇರು ಮಾರಿಬಿಡಿ

ಮೊನ್ನೆ ಭಾನುವಾರ ಬೆಳಗ್ಗೆ ಹುಳಿಮಾವು ಗೇಟ್ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದೆ. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿ ಹುಡುಗ ಸಿಕ್ಕಿದ. ಅಮೆರಿಕದ ಕಂಪನಿಯೊಂದರ ಬೆಂಗಳೂರು ಆಫೀಸಿನಲ್ಲಿ ಅವನಿಗೆ ಕೆಲಸ. "ಅಂಕಲ್, ಈ ಸಲ ಇಎಸ್‌ಪಿಪಿಗೆ ಸಂಬಳದ ಹತ್ತು ಪರ್ಸೆಂಟ್ ಹಾಕಿದೀನಿ. ಎರಡು ವರ್ಷ ಮಾರೋದೇ ಇಲ್ಲ. ಟ್ಯಾಕ್ಸೂ ಉಳಿಯುತ್ತೆ, ಫ್ಲ್ಯಾಟಿನ ಡೌನ್ ಪೇಮೆಂಟಿಗೂ ಆಗುತ್ತೆ" ಅಂದ.

"ಸೇರಿದ್ದು ಒಳ್ಳೇದಾಯ್ತು ಕಣಪ್ಪ. ಮಾರಲ್ಲ ಅಂತೀಯಲ್ಲ, ಅದೇ ತಪ್ಪು" ಅಂದೆ. ಪಾಪ, ಮುಖ ಸಪ್ಪಗಾಯಿತು. ನಿಂತಲ್ಲೇ ಎಲ್ಲ ವಿವರಿಸಲು ಆಗಲಿಲ್ಲ, ಹಾಗಾಗಿ ಇಲ್ಲಿ ಬರೀತಿದ್ದೇನೆ. ಅವನೂ ಓದ್ತಾನೆ ಅಂದ್ಕೊಂಡಿದ್ದೀನಿ :)

ಮೊದಲು ಈ ಸ್ಕೀಮು ಹೇಗೆ ನಡೆಯುತ್ತೆ ನೋಡೋಣ. ನೀವು ಒಪ್ಪಿದಷ್ಟು ಹಣವನ್ನು ಕಂಪನಿ ತಿಂಗಳು ತಿಂಗಳು ಸಂಬಳದಿಂದ ಹಿಡಿದುಕೊಳ್ಳುತ್ತೆ. ಟ್ಯಾಕ್ಸ್ ಕಟ್ಟಿ ಉಳಿದ ಸಂಬಳದಿಂದಲೇ ಹಿಡಿಯೋದು, ಪಿಎಫ್ ಥರ ವಿನಾಯಿತಿ ಇಲ್ಲ. ಸಾಮಾನ್ಯವಾಗಿ ಆರು ತಿಂಗಳಾದ ಮೇಲೆ ಆ ಹಣದಲ್ಲಿ ನಿಮ್ಮ ಹೆಸರಿಗೆ ಶೇರು ಕೊಳ್ಳುತ್ತಾರೆ, ಅದೂ ಹದಿನೈದು ಪರ್ಸೆಂಟ್ ಕಮ್ಮಿ ಬೆಲೆಗೆ. ಕೆಲವು ಕಂಪನಿಗಳಲ್ಲಿ ಇನ್ನೂ ಒಂದು ಅನುಕೂಲ ಇದೆ. ಆರು ತಿಂಗಳ ಮೊದಲ ದಿನದ ಬೆಲೆ, ಕೊನೆಯ ದಿನದ ಬೆಲೆ ಎರಡರಲ್ಲಿ ಯಾವುದು ಕಮ್ಮಿಯೋ ಅದರ ಮೇಲೆ ಈ ಡಿಸ್ಕೌಂಟ್. ಇದಕ್ಕೆ ಲುಕ್‌ಬ್ಯಾಕ್ ಅಂತಾರೆ. ಎಲ್ಲ ಕಂಪನಿಯಲ್ಲೂ ಇರಲ್ಲ, ಸ್ಕೀಮಿನ ಕಾಗದ ಓದಿಯೇ ತಿಳಿಯಬೇಕು.

ಹುಡುಗನ ಸಂಬಳ ತಿಂಗಳಿಗೆ ಎರಡೂವರೆ ಲಕ್ಷ ಅಂತಿಟ್ಟುಕೊಳ್ಳಿ. ತಿಂಗಳಿಗೆ 25,000ದಂತೆ ಆರು ತಿಂಗಳಿಗೆ 1,50,000 ಆಯಿತು. ಶೇರಿನ ಬೆಲೆ ಮೊದಲ ದಿನ 4,000 ರೂಪಾಯಿ ಇತ್ತು, ಕೊನೆಯ ದಿನ 5,000 ಆಯಿತು ಅನ್ನಿ (ಲೆಕ್ಕ ಸುಲಭವಾಗಲಿ ಅಂತ ಡಾಲರ್ ಬಿಟ್ಟು ರೂಪಾಯಿಯಲ್ಲೇ ಹೇಳ್ತಿದ್ದೇನೆ). ಅವನಿಗೆ ಬೀಳುವ ಬೆಲೆ 3,400. ಅಂದರೆ 44 ಶೇರು ಬರುತ್ತೆ, ಖರ್ಚು 1,49,600. ಆ ದಿನ ಮಾರುಕಟ್ಟೆಯಲ್ಲಿ ಅವುಗಳ ಬೆಲೆ 2,20,000. ಲಾಭ 70,400!

ಬೆಲೆ ಏರದೆ 3,000ಕ್ಕೆ ಇಳಿದಿದ್ದರೂ ನಷ್ಟ ಇಲ್ಲ. ಆಗ 2,550ರಂತೆ 58 ಶೇರು ಸಿಕ್ಕಿ, ಕೊಂಡ ದಿನವೇ ಮಾರಿದರೆ 26,100 ಮಿಗುತ್ತೆ. ಅದಕ್ಕೇ ಹೇಳಿದ್ದು, ಸೇರಿದ್ದು ಒಳ್ಳೇದು ಅಂತ.

ಈಗ ಟ್ಯಾಕ್ಸ್ ವಿಷಯಕ್ಕೆ ಬರೋಣ, ಎಲ್ಲರೂ ಎಡವೋದು ಇಲ್ಲೇ. ಆ 70,400 ರೂಪಾಯಿಯನ್ನು ನಮ್ಮ ಇನ್‌ಕಮ್ ಟ್ಯಾಕ್ಸ್‌ನವರು ಸಂಬಳ ಅಂತಲೇ ಲೆಕ್ಕ ಹಾಕ್ತಾರೆ. ನೀವು ಶೇರು ಮಾರಿ, ಬಿಡಿ, ಕೊಂಡ ದಿನವೇ ತೆರಿಗೆ ಬಿತ್ತು. ಮೂವತ್ತು ಪರ್ಸೆಂಟ್ ಸ್ಲ್ಯಾಬಿನಲ್ಲಿ ಸೆಸ್ ಸೇರಿ ಸುಮಾರು 21,965. ಕಂಪನಿ ಅದನ್ನು ಸಂಬಳದಲ್ಲೇ ಟಿಡಿಎಸ್ ಹಿಡಿಯುತ್ತೆ. ಆ ತಿಂಗಳು ಸಂಬಳ ಕಮ್ಮಿ ಬಂತಲ್ಲ ಅಂತ ಗಾಬರಿಯಾಗುವವರೆಲ್ಲ ಇವರೇ.

ಹಾಗಾದರೆ ಎರಡು ವರ್ಷ ಇಟ್ಟುಕೊಂಡರೆ ಟ್ಯಾಕ್ಸ್ ಉಳಿಯುತ್ತೆ ಅನ್ನೋದು? ವಿದೇಶಿ ಶೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟು ಮಾರಿದರೆ ಲಾಭದ ಮೇಲೆ 12.5 ಪರ್ಸೆಂಟ್ ತೆರಿಗೆ, ನಿಜ. ಆದರೆ ಅದು ಕೊಂಡ ದಿನದ 5,000 ರೂಪಾಯಿಯಿಂದ ಮೇಲೆ ಏರಿದ್ದಕ್ಕೆ ಮಾತ್ರ. ಡಿಸ್ಕೌಂಟಿನ ತೆರಿಗೆ ಆಗಲೇ ಮುಗಿದಿದೆ, ಕಾದರೆ ಅದರಲ್ಲಿ ಒಂದು ಪೈಸೆಯೂ ವಾಪಸ್ ಬರಲ್ಲ. ಅಮೆರಿಕದಲ್ಲಿರುವ ಸಹೋದ್ಯೋಗಿಗಳು "ಹೋಲ್ಡ್ ಮಾಡು" ಅನ್ನುವುದು ಅಲ್ಲಿನ ಕಾನೂನು ನೋಡಿಕೊಂಡು. ಹುಳಿಮಾವಿನಲ್ಲಿ ಕೂತವರಿಗೆ ಅದು ಹೊಂದಲ್ಲ.

ಈಗ ಶೇರು ಇಟ್ಟುಕೊಂಡ ಅಂತಲೇ ಅನ್ನಿ. ಒಂದು ದಿನ ಬೆಲೆ 26 ಪರ್ಸೆಂಟ್ ಬಿತ್ತು, 5,000 ಇದ್ದದ್ದು 3,700 ಆಯಿತು. ಅವನ 44 ಶೇರಿನ ಬೆಲೆ ಈಗ 1,62,800. ಕೊಟ್ಟದ್ದು 1,49,600, ಅದರ ಮೇಲೆ ತೆರಿಗೆ 21,965, ಒಟ್ಟು 1,71,565. ಅಂದರೆ 5,000ದ ಶೇರನ್ನು 3,400ಕ್ಕೆ ಕೊಂಡವನೂ 8,765 ರೂಪಾಯಿ ಕಳಕೊಂಡ! ಮಾರಿದರೆ ಬಂಡವಾಳ ನಷ್ಟ ಅಂತ ತೋರಿಸಬಹುದು, ಆದರೆ ಅದನ್ನು ಸಂಬಳದ ಎದುರು ಕಳೆಯೋ ಹಾಗಿಲ್ಲ.

26 ಅನ್ನೋ ಅಂಕಿ ನಾನು ಸುಮ್ಮನೆ ಹಾಕಿದ್ದಲ್ಲ. 2024ರ ಆಗಸ್ಟ್ 1ರಂದು ಇಂಟೆಲ್ ಕಂಪನಿ ಸುಮಾರು 15,000 ಜನರನ್ನು ತೆಗೆಯುವುದಾಗಿ, ಡಿವಿಡೆಂಡ್ ನಿಲ್ಲಿಸುವುದಾಗಿ ಹೇಳಿತು. ಮರುದಿನ ಅದರ ಶೇರು ಬಿದ್ದದ್ದು 26 ಪರ್ಸೆಂಟ್. ಸುದ್ದಿ ಎರಡಾದರೂ ಕಾರಣ ಒಂದೇ ಅನ್ನೋದನ್ನು ಗಮನಿಸಿ. ಕೆಲಸಕ್ಕೆ ಕುತ್ತು ಬರೋದೂ ಶೇರು ಬೀಳೋದೂ ಒಟ್ಟಿಗೇ. 2025ರಲ್ಲಿ ಆ ಶೇರು ಮತ್ತೆ ಏರಿತು, ಒಪ್ಪುತ್ತೇನೆ. ಆದರೆ ಕೆಲಸ ಹೋದವನ ಇಎಂಐ ಅಲ್ಲೀವರೆಗೂ ಕಾಯುತ್ತಾ? ಇನ್ನು ಸಿಸ್ಕೋ ಶೇರು 2000ದ ಮಾರ್ಚಿನಲ್ಲಿದ್ದ ಬೆಲೆಯನ್ನು ಮತ್ತೆ ದಾಟಿದ್ದು 2025ರ ಡಿಸೆಂಬರಿನಲ್ಲಿ. ಇಪ್ಪತ್ತೈದು ವರ್ಷ!

2019ರ ನವೆಂಬರಿನಲ್ಲಿ ನಮ್ಮ ಹುಳಿಮಾವು ಕೆರೆ ಏರಿ ಒಡೆದದ್ದು ಇಲ್ಲಿಯವರಿಗೆ ಮರೆತಿರಲಿಕ್ಕಿಲ್ಲ. ನೆಲಮಹಡಿಯಲ್ಲಿದ್ದವರ ಫ್ರಿಜ್ಜು, ಸ್ಕೂಟರು, ಅಕ್ಕಿ ಎಲ್ಲ ಒಂದೇ ಮಧ್ಯಾಹ್ನ ನೀರಿಗೆ ಸಿಕ್ಕಿತು. ಎಲ್ಲವೂ ಒಂದೇ ಮಟ್ಟದಲ್ಲಿತ್ತು, ಅಷ್ಟೆ. ಸಂಬಳ, ಬೋನಸ್ಸು, ಆಫೀಸಿನ ಮೆಡಿಕಲ್ ಇನ್ಶೂರೆನ್ಸು ಎಲ್ಲ ಆ ಕಂಪನಿಯದ್ದೇ. ಉಳಿತಾಯವನ್ನಾದರೂ ಬೇರೆ ಮಹಡಿಯಲ್ಲಿ ಇಡಬೇಡವೇ?

ಇದು ನಾನು ಕಲಿತದ್ದೂ ಪೆಟ್ಟು ತಿಂದೇ. ಹಿಂದೆ ನಾನಿದ್ದ ಕಂಪನಿಯ ಶೇರನ್ನು ಮಗಳ ಕಾಲೇಜಿಗೆ ಅಂತ ನಾಲ್ಕು ವರ್ಷ ಮುಟ್ಟದೆ ಇಟ್ಟಿದ್ದೆ. ಫೀಸು ಕಟ್ಟುವ ವರ್ಷ ಅದು ಅರ್ಧಕ್ಕಿಳಿದಿತ್ತು, ನಮ್ಮ ಟೀಮಿನಲ್ಲಿ ಕುರ್ಚಿಗಳೂ ಖಾಲಿಯಾಗ್ತಿದ್ದವು. ಕೊನೆಗೆ ಸಾಲ ಮಾಡಿ ಫೀಸು ಕಟ್ಟಿದೆ.

ಆ ಹುಡುಗನಿಗೆ ಒಂದು ಪ್ರಶ್ನೆ ಕೇಳಿದೆ. "ನಿನ್ನ ಕೈಲಿ ಈಗ 2,20,000 ನಗದು ಇದ್ದಿದ್ದರೆ, ಪೂರ್ತಿ ಮಾರುಕಟ್ಟೆ ಬೆಲೆ ಕೊಟ್ಟು ನಿಮ್ಮ ಕಂಪನಿ ಶೇರನ್ನೇ ಕೊಳ್ತಿದ್ದೆಯಾ?" "ಅಷ್ಟೂ ಒಂದರಲ್ಲೇ? ಇಲ್ಲ ಅಂಕಲ್" ಅಂದ. ಮಾರದೆ ಇಟ್ಟುಕೊಳ್ಳೋದು ಅಂದರೆ ಅದನ್ನೇ ಮಾಡಿದ ಹಾಗೆ.

ಎರಡು ಎಚ್ಚರಿಕೆ. ಕೆಲವು ಸ್ಕೀಮುಗಳಲ್ಲಿ ಇಂತಿಷ್ಟು ಕಾಲ ಮಾರುವಂತಿಲ್ಲ ಅಂತ ಇರುತ್ತೆ. ನಮ್ಮಲ್ಲೇ ಲಿಸ್ಟ್ ಆದ ಕಂಪನಿಯ ಶೇರು ಖರೀದಿ ಸ್ಕೀಮಾದರೆ ಸೆಬಿ ನಿಯಮದಂತೆ ಕನಿಷ್ಠ ಒಂದು ವರ್ಷ ಲಾಕ್-ಇನ್. ಆಗ ಇಡೀ ವರ್ಷದ ಅಪಾಯವನ್ನೂ ತೂಗಿ ನೋಡಿ ಎಷ್ಟು ಹಾಕಬೇಕು ಅಂತ ನಿರ್ಧರಿಸಿ. ಎರಡನೆಯದು, ವಿದೇಶಿ ಶೇರು ಇದ್ದವರು ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ತುಂಬಲೇಬೇಕು. ಐಟಿಆರ್-1 ನಡೆಯಲ್ಲ.

ಫ್ಲ್ಯಾಟು ಬೇಕು ಅಂತ ಆಸೆಪಡೋದು ತಪ್ಪಲ್ಲ. ಆರಾರು ತಿಂಗಳಿಗೆ ಮಾರಿ ಆ ಹಣವನ್ನು ಎಫ್‌ಡಿಯಲ್ಲಿಟ್ಟರೂ ಡೌನ್ ಪೇಮೆಂಟ್ ಬೆಳೆಯುತ್ತೆ, ನಿಧಾನಕ್ಕೆ. ನಿಮ್ಮಲ್ಲಿ ಯಾರಾದರೂ ಇಟ್ಟುಕೊಂಡು ಗೆದ್ದವರಿದ್ದರೆ ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ.. ಸೋತವರೂ ಬನ್ನಿ, ನಿಮ್ಮ ಕಥೆಯೇ ಹೆಚ್ಚು ಉಪಯೋಗಕ್ಕೆ ಬರೋದು.