ಟಕ್ ಅಂತ ಕಚ್ಚಿಕೊಂಡರೆ ಸಾಕಾ?

ವೈರ್‌ಲೆಸ್ ಚಾರ್ಜರ್ ಫೋನಿನ ಬೆನ್ನಿಗೆ ಟಕ್ ಅಂತ ಕಚ್ಚಿಕೊಂಡ ಕೂಡಲೇ ನಮಗೆಲ್ಲ ಸಮಾಧಾನ, ಸರಿಯಾಗಿ ಕೂತಿತು ಅಂತ. ನೋಡಿ, ಆ ಸದ್ದು ಹೇಳೋದು ಆಯಸ್ಕಾಂತಗಳು ಒಂದಕ್ಕೊಂದು ಸಿಕ್ಕವು ಅನ್ನೋದನ್ನ ಮಾತ್ರ. ಶಕ್ತಿ ದಾಟಿಸೋದು ಆ ಬಳೆಯ ನಡುವೆ ಇರುವ ತಾಮ್ರದ ಸುರುಳಿ, ಅಂದರೆ ಕಾಯಿಲ್. ಚಾರ್ಜರಿನ ಕಾಯಿಲ್, ಫೋನಿನ ಕಾಯಿಲ್ ಎದುರುಬದುರು ಕೂರದಿದ್ದರೆ ಚಾರ್ಜ್ ನಿಧಾನವಾಗುತ್ತೆ, ಹೆಚ್ಚು ಶಕ್ತಿ ಬಿಸಿಯಾಗಿ ಹೋಗುತ್ತೆ.

2020ರ ಐಫೋನ್ 12ರಿಂದ ಶುರುವಾದ ಮ್ಯಾಗ್‌ಸೇಫ್ ಫೋನುಗಳಲ್ಲಿ ಬಳೆಯನ್ನು ಕಾಯಿಲ್ ಸುತ್ತ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಅಲ್ಲಿ ಟಕ್ ಅಂದರೆ ಸರಿ ಅಂತಲೇ ಅರ್ಥ. ಗ್ಯಾಲಕ್ಸಿ ಎಸ್25ರಂಥ ಫೋನುಗಳ ಒಳಗೆ ಆಯಸ್ಕಾಂತವೇ ಇಲ್ಲ. ಬಳೆ ಇರಬೇಕಾದ್ದು ಕೇಸಿನಲ್ಲಿ. ತೊಂದರೆ ಶುರುವಾಗೋದು ಕೇಸಿಗೆ ನಾವೇ ಬಳೆ ಅಂಟಿಸಿದಾಗ.

ನಮ್ಮ ಅತ್ತಿಗೆಯ ಆಂಡ್ರಾಯ್ಡ್ ಫೋನಿನ ಕಥೆ ಅದೇ. ಸ್ಕೇಲ್ ಹಿಡಿದು ಕೇಸಿನ ನಟ್ಟನಡುವೆ ಬಳೆ ಅಂಟಿಸಿದ್ದರು. ಗಟ್ಟಿಯಾಗಿ ಕಚ್ಚುತ್ತಿತ್ತು, ಆದರೆ ಫೋನ್ ಸುಡುತ್ತಿತ್ತು, ಚಾರ್ಜ್ ನಿಂತು ನಿಂತು ಆಗುತ್ತಿತ್ತು. ಕಾಯಿಲ್ ಎಲ್ಲಿದೆ ಅಂತ ಹುಡುಕೋದು ಸುಲಭ. ಬಳೆ ಕಿತ್ತು, ಕೇಸ್ ಹಾಕಿದ ಫೋನಿನ ಮೇಲೆ ಚಾರ್ಜರನ್ನು ಮೆಲ್ಲಗೆ ಮೇಲಕ್ಕೆ ಸರಿಸಿದೆವು. ಚಾರ್ಜ್ ನಿಂತ ಜಾಗದಲ್ಲಿ ಚಾರ್ಜರಿನ ನಡುಮಧ್ಯ ಎಲ್ಲಿತ್ತೋ ಅಲ್ಲಿ ಪೇಪರ್ ಟೇಪಿನ ಮೇಲೆ ಗುರುತು. ಕೆಳಗೂ ಹಾಗೇ, ಎಡಬಲಕ್ಕೂ ಹಾಗೇ. ಪ್ರತಿ ಸಲ ಸರಿಸಿದ ಮೇಲೆ ಒಂದೆರಡು ಸೆಕೆಂಡು ಕಾಯಬೇಕು, ಫೋನಿಗೆ ಗೊತ್ತಾಗೋಕೆ ಅಷ್ಟು ಹೊತ್ತು ಬೇಕು. ಗುರುತುಗಳ ಮಧ್ಯಬಿಂದುವೇ ಕಾಯಿಲ್‌ನ ಕೇಂದ್ರ. ಅದು ಕೇಸಿನ ನಡುವಿಗಿಂತ 8 ಮಿಲಿಮೀಟರ್ ಮೇಲಿತ್ತು! ಅಲ್ಲಿಗೆ ಹೊಸ ಬಳೆ ಅಂಟಿಸಿದ ಮೇಲೆ ಬೆಚ್ಚಗಾಗುತ್ತೆ, ಸುಡಲ್ಲ. (ಕಿತ್ತ ಬಳೆಯನ್ನೇ ಮತ್ತೆ ಅಂಟಿಸಬೇಡಿ, ಗೋಂದು ಹಿಡಿಯಲ್ಲ.)

ಮ್ಯಾಗ್‌ಸೇಫ್ ಐಫೋನ್ ಇರುವವರು ಇದರ ಉಲ್ಟಾ ಕೆಲಸ ಮಾಡೋದನ್ನೂ ನೋಡಿದ್ದೇನೆ. ಫೋನಿನಲ್ಲೇ ಆಯಸ್ಕಾಂತ ಇದ್ದರೂ ದಪ್ಪ ಕೇಸ್ ಹಾಕಿ, ಹಿಡಿತ ಸಾಲದು ಅಂತ ಮೇಲೊಂದು ಕಬ್ಬಿಣದ ಬಳೆ ಅಂಟಿಸ್ತಾರೆ. ಈಗ ಚಾರ್ಜರ್ ಹೋಗಿ ಸೇರೋದು ಆ ಬಳೆಗೆ, ಒಳಗಿನದಕ್ಕಲ್ಲ. ಸ್ವಲ್ಪ ಓರೆಯಾಗಿ ಅಂಟಿಸಿದ್ದರೆ ಕಾರ್ಖಾನೆಯ ಲೆಕ್ಕವೇ ಕೆಟ್ಟಂತೆ. ಇಂಥವರು ಆಯಸ್ಕಾಂತದ ಬಳೆ ಒಳಗೇ ಇರುವ ಕೇಸ್ ತಗೊಳ್ಳೋದು ಒಳ್ಳೇದು.

ಕಾರಿನ ಹೋಲ್ಡರ್‌ಗೆ ಅಂತ ಕೇಸಿನೊಳಗೆ ಇಡುವ ಚಪ್ಪಟೆ ಲೋಹದ ತಗಡಂತೂ ಚಾರ್ಜಿಂಗಿಗೆ ಬೇಡವೇ ಬೇಡ. ಅದು ಎರಡು ಕಾಯಿಲ್‌ಗಳ ಮಧ್ಯೆ ಗೋಡೆಯಂತೆ ನಿಂತು ತಾನೇ ಕಾಯುತ್ತೆ, ಇಲ್ಲವೇ ಚಾರ್ಜರ್ ಅದನ್ನು ಗುರುತಿಸಿ ನಿಂತುಬಿಡುತ್ತೆ. ಸ್ಟ್ಯಾಂಡಿಗೆ, ವ್ಯಾಲೆಟ್ಟಿಗೆ ಮಾತ್ರ ಬೇಕಾದದ್ದು ಹಿಡಿತ. ಅತ್ತಿಗೆಯ ಹಳೇ ಬಳೆ 8 ಮಿಲಿಮೀಟರ್ ಕೆಳಗಿದ್ದಾಗಲೂ ಸ್ಟ್ಯಾಂಡ್ ಚೆನ್ನಾಗೇ ಹಿಡಿದಿತ್ತು, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ.