ಗುಡ್ಡ ಒಂದೋ ಎರಡೋ: ಹಿಸ್ಟೋಗ್ರಾಮ್‌ನ ಅಗಲ ನಿರ್ಧರಿಸುವವರು ಯಾರು?

ಚೆನ್ನೈನ ಪೆರಂಬೂರು ಎಂದರೆ ರೈಲು ಬಲ್ಲವರಿಗೆ ಮೊದಲು ನೆನಪಾಗುವುದು ಇಂಟಿಗ್ರಲ್ ಕೋಚ್ ಫ್ಯಾಕ್ಟರಿ. 1955ರ ಅಕ್ಟೋಬರ್ 2ರಂದು ಜವಾಹರಲಾಲ್ ನೆಹರೂ ಉದ್ಘಾಟಿಸಿದ ಈ ಕಾರ್ಖಾನೆಯಿಂದಲೇ 2018ರಲ್ಲಿ ಮೊದಲ ವಂದೇ ಭಾರತ್ ರೈಲೂ ಹೊರಬಂತು. ಒಂದು ಬೋಗಿಗೆ ಸಾವಿರಾರು ಬಿಡಿಭಾಗಗಳು ಬೇಕು. ಪಿನ್ನು, ಬುಷ್ಷು, ಬೋಲ್ಟು ಯಾವುದೇ ಇರಲಿ, ಅದರ ಅಳತೆ ಇಂತಿಷ್ಟರೊಳಗೆ ಇರಬೇಕು ಎಂಬ ಮಿತಿ ಇರುತ್ತದೆ. ಅಳೆದ ಅಂಕಿಗಳನ್ನು ಗುಂಪು ಮಾಡಿ ಕಂಬಗಳಾಗಿ ಬರೆದರೆ ಅದೇ ಹಿಸ್ಟೋಗ್ರಾಮ್. ಜಪಾನಿನ ಕಾವೊರು ಇಶಿಕಾವಾ ಪ್ರಚಾರಕ್ಕೆ ತಂದ ಗುಣಮಟ್ಟ ನಿಯಂತ್ರಣದ ಏಳು ಸಾಧನಗಳಲ್ಲಿ ಇದೂ ಒಂದು.

ಈ ಚಿತ್ರವನ್ನು ಬಹಳ ಮಂದಿ ಫೋಟೋದಂತೆ ನಂಬುತ್ತಾರೆ. ಅಂಕಿ ಹಾಕಿದರೆ ಅದರ ಆಕಾರ ತಾನಾಗಿ ಬರುತ್ತದೆ ಎಂಬ ಭಾವನೆ. ಆದರೆ ಪ್ರತಿ ಕಂಬ ಎಷ್ಟು ಅಗಲದ ಅಳತೆಯನ್ನು ಒಳಗೊಳ್ಳಬೇಕು ಎಂಬುದನ್ನು ಯಾರೋ ಒಬ್ಬರು ತೀರ್ಮಾನಿಸಿರುತ್ತಾರೆ. ಶಾಲೆಯ ಪುಸ್ತಕದಲ್ಲಿ ಅದನ್ನು ವರ್ಗಾಂತರ ಎನ್ನುತ್ತಾರೆ, ಸಾಫ್ಟ್‌ವೇರಿನಲ್ಲಿ ಬಿನ್ ಎನ್ನುತ್ತಾರೆ. ಆ ತೀರ್ಮಾನವನ್ನು ಸಾಫ್ಟ್‌ವೇರಿಗೆ ಬಿಟ್ಟು ಕೈತೊಳೆದುಕೊಳ್ಳುವುದು ತಪ್ಪು. ಅದು ಅಳೆದವರ ಹೊಣೆ, ಚಿತ್ರದ ಕೆಳಗೆ ಬರೆದು ಒಪ್ಪಿಕೊಳ್ಳಬೇಕಾದ ಹೊಣೆ.

ಇದನ್ನು ನೋಡಲು ಲೆಕ್ಕಕ್ಕೆಂದೇ ಕಟ್ಟಿಕೊಂಡ ಒಂದು ಉದಾಹರಣೆ ಸಾಕು. ಪೆರಂಬೂರಿನ ಗಲ್ಲಿಯೊಂದರಲ್ಲಿ ಎರಡು ಲೇತ್ ಇರುವ ಸಣ್ಣ ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ಅಲ್ಲಿ ಉಕ್ಕಿನ ಪಿನ್ನು ಕಡೆಯುತ್ತಾರೆ. ಪಿನ್ನಿನ ವ್ಯಾಸ 40.04 ಮಿ.ಮೀ.ನಿಂದ 40.18 ಮಿ.ಮೀ. ಒಳಗಿರಬೇಕು. ಅಳೆಯುವುದು ವರ್ನಿಯರ್ ಕ್ಯಾಲಿಪರ್‌ನಲ್ಲಿ, ಅದರ ಲೀಸ್ಟ್ ಕೌಂಟ್ 0.02 ಮಿ.ಮೀ. ಒಂದು ಪಾಳಿಯಲ್ಲಿ 64 ಪಿನ್ನು ಅಳೆದಾಗ ಸಿಕ್ಕ ಲೆಕ್ಕ ಹೀಗಿದೆ:

40.00 – 2 ಪಿನ್ನು
40.02 – 4
40.04 – 7
40.06 – 8
40.08 – 7
40.10 – 4
40.12 – 4
40.14 – 7
40.16 – 8
40.18 – 7
40.20 – 4
40.22 – 2

ಮಿತಿಯ ಹೊರಗೆ ಬಿದ್ದವು ಕೆಳಗೆ 6, ಮೇಲೆ 6, ಒಟ್ಟು 12. ಏಕೆ ಹೀಗಾಯಿತು ಎಂದು ತಿಳಿಯಲು ಮೇಲ್ವಿಚಾರಕ ಹಿಸ್ಟೋಗ್ರಾಮ್ ಬರೆಯುತ್ತಾನೆ. ಅಗಲ 0.06 ಎಂದು ಹಿಡಿದು 40.00ರಿಂದ ಶುರುಮಾಡಿದರೆ ಮೂರು ಮೂರು ಸಾಲು ಒಂದು ಕಂಬದೊಳಗೆ ಸೇರುತ್ತವೆ. ಕಂಬಗಳ ಎತ್ತರ 13, 19, 19, 13. ನಡುವೆ ಉಬ್ಬಿ ಎರಡೂ ಬದಿಗೆ ಇಳಿಯುವ ಒಂದೇ ಗುಡ್ಡ. ಇದನ್ನು ನೋಡಿದವರು ಹೇಳುವುದು ಒಂದೇ: ನಡು ಸರಿಯಾಗಿದೆ, ಆದರೆ ಹರಡುವಿಕೆ ಹೆಚ್ಚಾಗಿದೆ, ಯಂತ್ರ ಸವೆದಿದೆ, ರಿಪೇರಿಗೆ ದುಡ್ಡು ಬೇಕು.

ಅದೇ 64 ಅಂಕಿಗಳನ್ನು 0.04 ಅಗಲದಲ್ಲಿ ಹಾಕಿದರೆ ಎತ್ತರಗಳು 6, 15, 11, 11, 15, 6. ಈಗ ಎರಡು ಗುಡ್ಡ, ನಡುವೆ ತಗ್ಗು. ಅಗಲವನ್ನು 0.08ಕ್ಕೆ ಹಿಗ್ಗಿಸಿದರೆ 21, 22, 21, ಬಯಲಿನಂತೆ ಚಪ್ಪಟೆ. ಒಂದು ಅಂಕಿಯೂ ಬದಲಾಗಿಲ್ಲ. ಬದಲಾದದ್ದು ಯಾವ ಪಿನ್ನು ಯಾವ ಪಿನ್ನಿನ ಜೊತೆ ಒಂದೇ ಕಂಬದಲ್ಲಿ ಕೂರುತ್ತದೆ ಎಂಬುದು ಮಾತ್ರ. 40.10 ಮತ್ತು 40.12ರ ತಗ್ಗು 0.06 ಅಗಲದಲ್ಲಿ ಕಾಣದಾದದ್ದು, ಆ ಎರಡು ಸಾಲುಗಳೂ ಪಕ್ಕದ ಎತ್ತರದ ಸಾಲುಗಳ ಜೊತೆ ಕೂಡಿಹೋದದ್ದರಿಂದ. ಕಂಬದ ಒಳಗಿರುವುದೆಲ್ಲ ಸರಾಸರಿಯಾಗಿಬಿಡುತ್ತದೆ. ಕಂಬಕ್ಕಿಂತ ಕಿರಿದಾದ ತಗ್ಗನ್ನು ಆ ಕಂಬ ತೋರಿಸಲಾರದು.

ಹಾಗಾದರೆ ಅಗಲ ಕಿರಿದಾದಷ್ಟೂ ಒಳ್ಳೆಯದೇ? ಅಲ್ಲ. 0.03 ಅಗಲ ಹಿಡಿದು 40.00ರಿಂದ ಶುರುಮಾಡಿ ನೋಡಿದರೆ ಎತ್ತರಗಳು 6, 7, 15, 4, 11, 8, 11, 2. ಬಾಚಣಿಗೆಯ ಹಲ್ಲಿನಂತೆ ಏರಿಳಿತ, ಮೂರು ಶಿಖರ. ಇದಕ್ಕೆ ಕಾರಣ ಲೇತ್‌ನಲ್ಲಿ ಇಲ್ಲ, ವರ್ನಿಯರ್‌ನಲ್ಲಿದೆ. ಕ್ಯಾಲಿಪರ್ ಕೊಡುವ ಅಂಕಿಗಳು 0.02ರ ಮೆಟ್ಟಿಲುಗಳಲ್ಲಿ ಮಾತ್ರ ಬರುತ್ತವೆ. 0.03 ಅಗಲದ ಒಂದು ಕಂಬಕ್ಕೆ ಎರಡು ಮೆಟ್ಟಿಲು ಸಿಕ್ಕರೆ ಮುಂದಿನದಕ್ಕೆ ಒಂದೇ ಸಿಗುತ್ತದೆ. ಎರಡು ಸಿಕ್ಕ ಕಂಬ ಎತ್ತರ, ಒಂದು ಸಿಕ್ಕದ್ದು ಗಿಡ್ಡ. ಕಂಬಗಳು ಸರದಿಯಂತೆ ಎತ್ತರ–ಗಿಡ್ಡ ಎಂದು ಏರಿಳಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಆದ್ದರಿಂದ ಅಗಲ ಯಾವಾಗಲೂ ಲೀಸ್ಟ್ ಕೌಂಟ್‌ನ ಪೂರ್ಣ ಗುಣಕವಾಗಿರಬೇಕು: ಇಲ್ಲಿ 0.02, 0.04, 0.06, ಹೀಗೆ. ಕಂಬದ ಗಡಿಯನ್ನು ಎರಡು ಮೆಟ್ಟಿಲುಗಳ ನಡುವೆ, ಅಂದರೆ 39.99, 40.03, 40.07 ಎಂದು ಇಟ್ಟರೆ ಯಾವ ಅಂಕಿಯೂ ಗಡಿಯ ಮೇಲೆ ಬೀಳುವುದಿಲ್ಲ. 40.04 ಎಡಕ್ಕೋ ಬಲಕ್ಕೋ ಎಂಬ ಜಗಳವೂ ಇರುವುದಿಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ, ಸೂತ್ರಗಳಿವೆಯಲ್ಲ ಎಂಬ ವಾದವಿದೆ. ಮನುಷ್ಯ ಅಗಲವನ್ನು ತನಗೆ ಬೇಕಾದಂತೆ ಆರಿಸಿಕೊಳ್ಳಬಹುದು, ಸೂತ್ರಕ್ಕೆ ಪಕ್ಷಪಾತವಿಲ್ಲ ಎಂಬುದು ಅದರ ತಿರುಳು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಸೂತ್ರಗಳನ್ನೇ ಕೇಳಿ ನೋಡೋಣ.

1926ರ ಸ್ಟರ್ಜಸ್ ಸೂತ್ರ ಕಂಬಗಳ ಸಂಖ್ಯೆಯನ್ನು ಹೇಳುತ್ತದೆ: `1 + log2(n)`. 64 ಎಂದರೆ ಎರಡರ ಆರನೇ ಘಾತ, ಆದ್ದರಿಂದ 7 ಕಂಬ. ಅಂಕಿಗಳ ವ್ಯಾಪ್ತಿ 0.22, ಅದನ್ನು 7ರಿಂದ ಭಾಗಿಸಿದರೆ ಸುಮಾರು 0.03. ಅಂದರೆ ನೇರವಾಗಿ ಬಾಚಣಿಗೆಯ ಕಡೆಗೇ ತಳ್ಳುತ್ತದೆ. 1981ರಲ್ಲಿ ಫ್ರೀಡ್‌ಮನ್ ಮತ್ತು ಡಯಾಕೋನಿಸ್ ಕೊಟ್ಟ ಸೂತ್ರ ನಡುವಿನ ಅರ್ಧದಷ್ಟು ಅಂಕಿಗಳ ಹರವನ್ನು ಆಧಾರವಾಗಿ ಹಿಡಿಯುತ್ತದೆ. ಪಿನ್ನುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದರೆ ಕಾಲು ಭಾಗ ಮುಗಿಯುವುದು 40.06ರಲ್ಲಿ, ಮುಕ್ಕಾಲು ಮುಗಿಯುವುದು 40.16ರಲ್ಲಿ, ನಡುವಿನ ಹರವು 0.10. ಅದರ ಎರಡರಷ್ಟನ್ನು 64ರ ಘನಮೂಲವಾದ 4ರಿಂದ ಭಾಗಿಸಿದರೆ 0.05. ಇದು ಲೀಸ್ಟ್ ಕೌಂಟ್‌ನ ಗುಣಕವಲ್ಲ. ಕೆಳಕ್ಕೆ 0.04 ಎಂದು ಸರಿಹೊಂದಿಸಿದರೆ ಎರಡು ಗುಡ್ಡ ಕಾಣುತ್ತವೆ, ಮೇಲಕ್ಕೆ 0.06 ಎಂದರೆ ಒಂದೇ. ಕೊನೆಯ ಮಾತು ಮತ್ತೆ ಮನುಷ್ಯನದೇ ಆಯಿತು.

ಸೂತ್ರದ ಒಳಗೇ ಇನ್ನೊಂದು ತೊಡಕಿದೆ, ಅದು ಇನ್ನೂ ಮುಖ್ಯವಾದದ್ದು. ಫ್ರೀಡ್‌ಮನ್–ಡಯಾಕೋನಿಸ್ ಸೂತ್ರವಾಗಲಿ, 1979ರ ಸ್ಕಾಟ್ ಸೂತ್ರವಾಗಲಿ, ಅಂಕಿಗಳು ಎಷ್ಟು ಹರಡಿವೆ ಎಂಬುದನ್ನು ನೋಡಿ ಅಗಲ ಹೇಳುತ್ತವೆ. ಎರಡು ಗುಡ್ಡ ದೂರ ದೂರ ಇದ್ದರೆ ಒಟ್ಟು ಹರವು ಹಿಗ್ಗುತ್ತದೆ, ಸೂತ್ರ ದೊಡ್ಡ ಅಗಲ ಕೊಡುತ್ತದೆ, ದೊಡ್ಡ ಅಗಲ ನಡುವಿನ ತಗ್ಗನ್ನು ಮುಚ್ಚುತ್ತದೆ. ಕೆಳಗಿನ 32 ಪಿನ್ನುಗಳನ್ನಷ್ಟೇ ತೆಗೆದುಕೊಂಡು ಅದೇ ಲೆಕ್ಕ ಮಾಡಿದರೆ ಬರುವ ಅಗಲ ಸುಮಾರು 0.025. ಗುಡ್ಡಗಳನ್ನು ಬೇರೆಬೇರೆಯಾಗಿ ನೋಡಲು ಬೇಕಾದ ಅಗಲ, ಎರಡನ್ನೂ ಕಲಸಿ ಲೆಕ್ಕ ಹಾಕಿದಾಗ ಇಮ್ಮಡಿಯಾಯಿತು. ಆದ್ದರಿಂದ ಸೂತ್ರದ ಉತ್ತರವನ್ನು ಶುರುವಿಗೆ ಮಾತ್ರ ಇಟ್ಟುಕೊಳ್ಳಬೇಕು, ಅನುಮಾನವಿದ್ದರೆ ಅದಕ್ಕಿಂತ ಕಿರಿದಾದ ಗುಣಕದ ಕಡೆ ವಾಲಬೇಕು.

ಸರಿಯಾದ ಅಗಲ ಇದೇ ಎಂದು ಗೊತ್ತಾಗುವುದು ಹೇಗೆ? ಗಡಿಗಳನ್ನು ಒಂದು ಮೆಟ್ಟಿಲು ಪಕ್ಕಕ್ಕೆ ಸರಿಸಿ ನೋಡುವುದು ಸುಲಭದ ಪರೀಕ್ಷೆ. 0.04 ಅಗಲವನ್ನೇ ಇಟ್ಟುಕೊಂಡು ಒಂದು ಮೆಟ್ಟಿಲು ಹಿಂದಿನಿಂದ ಶುರುಮಾಡಿದರೆ ಎತ್ತರಗಳು 2, 11, 15, 8, 15, 11, 2. ಎರಡು ಗುಡ್ಡ ಹಾಗೇ ಉಳಿದವು, ತಗ್ಗು ಇನ್ನೂ ಆಳವಾಯಿತು. 0.06 ಅಗಲವನ್ನು ಹಾಗೆಯೇ ಸರಿಸಿದರೆ 6, 22, 15, 19, 2. ಒಂದೇ ಗುಡ್ಡವಿದ್ದ ಚಿತ್ರ ಎರಡಾಗಿ ಒಡೆಯಿತು. ಶುರುವಿನ ಜಾಗ ಬದಲಿಸಿದ ಮಾತ್ರಕ್ಕೆ ಕತೆ ಬದಲಾಗುವ ಅಗಲವನ್ನು ನಂಬಬಾರದು. ಎಲ್ಲಿಂದ ಶುರುಮಾಡಿದರೂ ಅದೇ ಮಾತು ಹೇಳುವ ಅಗಲವನ್ನು ಇಟ್ಟುಕೊಳ್ಳಬಹುದು.

ಇಷ್ಟಾದ ಮೇಲೂ ಎರಡು ಗುಡ್ಡ ನಿಜವೆಂದು ಚಿತ್ರವೊಂದೇ ಸಾಬೀತು ಮಾಡುವುದಿಲ್ಲ. 15 ಪಿನ್ನಿರುವ ಕಂಬ ಆಕಸ್ಮಿಕವಾಗಿಯೇ ಸುಮಾರು ನಾಲ್ಕರಷ್ಟು ಹೆಚ್ಚು ಕಡಿಮೆ ಆಗಬಲ್ಲದು, ಅದು ಎಣಿಕೆಯ ವರ್ಗಮೂಲದಷ್ಟು. 15ಕ್ಕೂ 11ಕ್ಕೂ ಇರುವ ವ್ಯತ್ಯಾಸ ಅದರೊಳಗೇ ಮುಗಿಯುತ್ತದೆ. 64 ಪಿನ್ನಿಗೆ ಈ ಅನುಮಾನ ಪೂರ್ತಿ ಹೋಗದು. ಎಂಟು ಪಟ್ಟು ಹೆಚ್ಚು ಪಿನ್ನು ಅಳೆದರೆ ಸೂತ್ರದ ಅಗಲ ಅರ್ಧಕ್ಕಿಳಿಯುತ್ತದೆ, ಕಂಬಗಳೂ ಗಟ್ಟಿಯಾಗುತ್ತವೆ. ಆದರೆ ವರ್ಕ್‌ಶಾಪಿನಲ್ಲಿ ಅದಕ್ಕಿಂತ ಹತ್ತಿರದ ದಾರಿಯಿದೆ. ಪಿನ್ನು ಯಾವ ಲೇತ್‌ನಲ್ಲಿ ಕಡೆದದ್ದು ಎಂದು ರಿಜಿಸ್ಟರಿನಲ್ಲಿ ನೋಡುವುದು.

ಈ ಉದಾಹರಣೆಯಲ್ಲಿ 40.10ರವರೆಗಿನ 32 ಪಿನ್ನು ಒಂದನೇ ಲೇತ್‌ನವು, ಉಳಿದ 32 ಎರಡನೆಯದರವು. ನಿಜವಾದ ವರ್ಕ್‌ಶಾಪಿನಲ್ಲಿ ಇಷ್ಟು ಚೊಕ್ಕವಾಗಿ ಬೇರೆಯಾಗದೆ ಸ್ವಲ್ಪ ಬೆರೆತಿರುತ್ತವೆ, ಆದರೆ ಲೆಕ್ಕದ ದಾರಿ ಒಂದೇ. ಎರಡೂ ಲೇತ್ ಸವೆದಿಲ್ಲ, ಎರಡರ ಟೂಲ್ ಸೆಟ್ಟಿಂಗ್ ಬೇರೆಬೇರೆ ಅಷ್ಟೇ. ಒಂದನೆಯದನ್ನು 0.05 ಮೇಲಕ್ಕೆ, ಎರಡನೆಯದನ್ನು 0.05 ಕೆಳಕ್ಕೆ ಹೊಂದಿಸಿದರೆ ಎಲ್ಲ 64 ಪಿನ್ನುಗಳೂ 40.05ರಿಂದ 40.17ರೊಳಗೆ ಬರುತ್ತಿದ್ದವು. ಹನ್ನೆರಡು ತಿರಸ್ಕೃತ ಪಿನ್ನು ಸೊನ್ನೆಗಿಳಿಯುತ್ತಿತ್ತು, ಖರ್ಚು ಕೆಲವು ನಿಮಿಷದ ಕೆಲಸ. 0.06ರ ಚಿತ್ರವನ್ನು ನಂಬಿದ್ದರೆ ಚೆನ್ನಾಗಿದ್ದ ಯಂತ್ರಗಳು ರಿಪೇರಿಗೆ ಹೋಗುತ್ತಿದ್ದವು.

ಕಿರಿದಾದ ಅಗಲ ತೋರಿಸುವ ಶಿಖರವೆಲ್ಲ ವಸ್ತುವಿನದೇ ಆಗಿರಬೇಕೆಂದಿಲ್ಲ, ಅಳೆದವರ ಅಭ್ಯಾಸವೂ ಆಗಿರಬಹುದು. ಭಾರತದ ಜನಗಣತಿಯೇ ಇದಕ್ಕೆ ಸಾಕ್ಷಿ. ವಯಸ್ಸನ್ನು ಒಂದೊಂದು ವರ್ಷದ ಕಂಬವಾಗಿ ಬರೆದರೆ 30, 35, 40, 45ರಲ್ಲಿ ಕಂಬಗಳು ಚಿಮ್ಮಿ ನಿಲ್ಲುತ್ತವೆ. ಆ ವಯಸ್ಸಿನವರು ಹೆಚ್ಚಿದ್ದಾರೆಂದಲ್ಲ, ಹುಟ್ಟಿದ ವರ್ಷ ಸರಿಯಾಗಿ ಗೊತ್ತಿಲ್ಲದವರು ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸು ಹೇಳುತ್ತಾರೆ. 30–34, 35–39 ಎಂದು ಐದೈದು ವರ್ಷ ಕೂಡಿಸಿದಾಗ ಆ ಚಿಮ್ಮು ಬಹುಮಟ್ಟಿಗೆ ಅಡಗುತ್ತದೆ. ವರ್ನಿಯರ್ ಓದುವವನೂ ಹೀಗೆಯೇ 40.10ರಂಥ ಸುಲಭದ ಅಂಕಿಗೆ ಒಗ್ಗಿಹೋಗಿರಬಹುದು. ಆದ್ದರಿಂದ ಕೂಡಿಸುವ ಮೊದಲು ಒಮ್ಮೆಯಾದರೂ ಲೀಸ್ಟ್ ಕೌಂಟ್‌ನಷ್ಟೇ ಅಗಲದಲ್ಲಿ ಬರೆದು ನೋಡುವುದು ಒಳ್ಳೆಯದು.

ಹಾಗಾಗಿ ಗೋಡೆಯ ಮೇಲೆ ಅಂಟಿಸುವ, ವರದಿಗೆ ಲಗತ್ತಿಸುವ ಪ್ರತಿ ಹಿಸ್ಟೋಗ್ರಾಮ್‌ನ ಕೆಳಗೆ ಒಂದು ಸಾಲು ಕಡ್ಡಾಯವಾಗಬೇಕು. ಈ ಪಿನ್ನುಗಳಿಗಾದರೆ ಅದು ಹೀಗಿರುತ್ತದೆ: ಅಳೆದದ್ದು 64, ಲೀಸ್ಟ್ ಕೌಂಟ್ 0.02, ಅಗಲ 0.04, ಶುರು 39.99, ಒಂದು ಮೆಟ್ಟಿಲು ಸರಿಸಿದರೂ ಆಕಾರ ಅದೇ. ಆ ಸಾಲು ಇಲ್ಲದ ಚಿತ್ರ ಮೇಜಿಗೆ ಬಂದರೆ, ರಿಪೇರಿಯ ಬಿಲ್ಲಿಗೆ ಸಹಿ ಹಾಕುವ ಮೊದಲು ಅದನ್ನು ವಾಪಸು ಕಳಿಸುವುದೇ ಸರಿ.