ದಿನ ಮುಗಿಯುವ ಮೊದಲೇ ಇಳಿಯುವ ಗೆರೆ

ಮಲೆನಾಡಿನಲ್ಲಿ ಮಳೆಯನ್ನು ಅಳೆಯುವುದು ಹೊಸ ಸಂಗತಿಯೇನಲ್ಲ. ಅಡಿಕೆ ತೋಟದ ಮನೆಗಳಲ್ಲಿ, ಕಾಫಿ ಎಸ್ಟೇಟುಗಳಲ್ಲಿ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಬಹುಕಾಲದಿಂದ ಇದೆ. ಭಾರತೀಯ ಹವಾಮಾನ ಇಲಾಖೆಯ ಮಳೆದಿನವೂ ಬೆಳಿಗ್ಗೆ 8.30ಕ್ಕೆ ಮುಗಿದು, ಅಲ್ಲಿಂದಲೇ ಮುಂದಿನದು ಆರಂಭವಾಗುತ್ತದೆ. ಈ ಹಳೆಯ ಕ್ರಮದಲ್ಲಿ ಒಂದು ಒಳ್ಳೆಯ ಗುಣ ತಾನಾಗಿಯೇ ಅಡಗಿತ್ತು. ಇಪ್ಪತ್ತನಾಲ್ಕು ಗಂಟೆ ಮುಗಿಯುವವರೆಗೆ ಪುಸ್ತಕದಲ್ಲಿ ಅಂಕಿಯೇ ಬೀಳುತ್ತಿರಲಿಲ್ಲ. ಅರ್ಧ ದಿನದ ಮಳೆಯನ್ನು ಇಡೀ ದಿನದ ಮಳೆಯೆಂದು ಓದುವ ತಪ್ಪಿಗೆ ಅಲ್ಲಿ ಅವಕಾಶವಿರಲಿಲ್ಲ.

ಈಗ ಸ್ವಯಂಚಾಲಿತ ಮಳೆಮಾಪಕಗಳು ಬಂದಿವೆ. ಅವುಗಳೊಳಗೆ ತೊಟ್ಟಿಲಿನಂತೆ ಅತ್ತಿಂದಿತ್ತ ವಾಲುವ ಪುಟ್ಟ ಜೋಡಿ ಬಟ್ಟಲು ಇರುತ್ತದೆ. ಅದು ಎಷ್ಟು ಬಾರಿ ವಾಲಿತೆಂಬುದನ್ನು ಯಂತ್ರ ಎಣಿಸಿ ಮಳೆಯ ಪ್ರಮಾಣವನ್ನು ತಿಳಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುತ್ತವೆ. ಶಾಲೆ ಕಾಲೇಜುಗಳೂ ಇಂತಹ ಸಾಧನಗಳನ್ನು ಕೊಂಡು, ಆಗಾಗ ತಾನೇ ನವೀಕರಣಗೊಳ್ಳುವ ರೇಖಾಚಿತ್ರಗಳನ್ನು ಗಣಕದ ಪರದೆಯ ಮೇಲೆ ತೋರಿಸಬಹುದು. ಇದು ಸ್ವಾಗತಾರ್ಹವೇ. ಆದರೆ ಇಂತಹ ಚಿತ್ರಗಳಲ್ಲಿ ಒಂದು ದೋಷ ಪದೇ ಪದೇ ಕಾಣುತ್ತದೆ. ಗೆರೆಯ ಬಲ ತುದಿ, ಅಂದರೆ ಇಂದಿನ ಬಿಂದು, ಬಂಡೆಯಿಂದ ಬಿದ್ದಂತೆ ಕೆಳಗಿಳಿದಿರುತ್ತದೆ. ನಿಜಕ್ಕೂ ಇಳಿದಿರುವುದು ಮಳೆಯಲ್ಲ. ಇಂದಿನ ದಿನ ಇನ್ನೂ ಮುಗಿದಿಲ್ಲ, ಅಷ್ಟೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಪುನರ್ವಸು ಮಳೆಯ ಕಾಲ. ನಮ್ಮ ಊರಿನ ಮಾಪಕದಲ್ಲಿ ಕಳೆದ ನಾಲ್ಕು ದಿನಗಳ ಮಳೆ ಕ್ರಮವಾಗಿ 112, 126, 118 ಮತ್ತು 131 ಮಿ.ಮೀ. ಐದನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾವು ಪರದೆಯನ್ನು ನೋಡುತ್ತೇವೆ. ಆ ಹೊತ್ತಿಗೆ 15 ಮಿ.ಮೀ. ಬಿದ್ದಿದೆ. ಗೆರೆ 131ರಿಂದ ನೇರವಾಗಿ 15ಕ್ಕೆ ಇಳಿದಿದೆ. ಪಕ್ಕದಲ್ಲಿ ನಿಂತವರು, "ಅಂತೂ ಮಳೆ ಹೊಳವಾಯಿತು ಮಾರಾಯ್ರೇ" ಎಂದು ನಿಟ್ಟುಸಿರು ಬಿಡುತ್ತಾರೆ.

ಹೊಳವಾಗಿದೆಯೇ? ಪೂರ್ಣ ದಿನವೊಂದಕ್ಕೆ 96 ಅಂಕಿಗಳು ಬರಬೇಕು. ಎಂಟೂವರೆಯಿಂದ ಹನ್ನೊಂದರವರೆಗೆ ಬಂದಿರುವುದು ಕೇವಲ 10. ನಿನ್ನೆ ಇದೇ ಹನ್ನೊಂದು ಗಂಟೆಗೆ ಎಷ್ಟಿತ್ತೆಂದು ನೋಡಿದರೆ 11 ಮಿ.ಮೀ. ಎಂದಿಟ್ಟುಕೊಳ್ಳಿ. ಹಾಗಾದರೆ ಇಂದಿನ ಮಳೆ ನಿನ್ನೆಯ ಇದೇ ಹೊತ್ತಿಗಿಂತ ಜೋರಾಗಿದೆ. ನಿನ್ನೆ ಹನ್ನೊಂದರಿಂದ ಇಂದು ಹನ್ನೊಂದರವರೆಗಿನ ಲೆಕ್ಕವನ್ನು ತೆಗೆಯೋಣ. ನಿನ್ನೆಯ 131ರಲ್ಲಿ ಮೊದಲ 11ನ್ನು ಕಳೆದು, ಇಂದಿನ 15ನ್ನು ಕೂಡಿಸಿದರೆ 135 ಮಿ.ಮೀ. ಆಗುತ್ತದೆ. ಇಳಿದಂತೆ ಕಂಡ ಗೆರೆಯ ಹಿಂದೆ ಏರುತ್ತಿರುವ ಮಳೆಯಿದೆ.

ಇದು ಕೇವಲ ಚಿತ್ರ ಬರೆಯುವವರ ತಲೆನೋವಲ್ಲ. ಗುಡ್ಡ ಕುಸಿಯುವುದು ಒಂದೇ ಗಂಟೆಯ ಮಳೆಯಿಂದ ಮಾತ್ರವಲ್ಲ. ದಿನಗಟ್ಟಲೆ ಮಣ್ಣಿನೊಳಗೆ ಇಳಿದು ನಿಂತ ನೀರಿನ ಭಾರವೂ ಅದಕ್ಕೆ ಕಾರಣ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್ಮಲ ಪ್ರದೇಶದಲ್ಲಿಯೂ ಧರೆ ಕುಸಿದದ್ದು ಎಡೆಬಿಡದ ಮಳೆಯ ಬೆನ್ನಿಗೆ. ಇಳಿಜಾರಿನ ಕೆಳಗೆ ಮನೆಯಿರುವವರು ಈ ರಾತ್ರಿ ಅಲ್ಲಿಯೇ ಮಲಗಬೇಕೇ, ನೆಂಟರ ಮನೆಗೆ ಹೋಗಬೇಕೇ ಎಂದು ಯೋಚಿಸುವಾಗ, ಪರದೆಯ ಮೇಲಿನ ಸುಳ್ಳು ಇಳಿತ ಅವರ ಕಾಲನ್ನು ಹಿಂದಕ್ಕೆ ಎಳೆಯಬಹುದು.

ಸುಳ್ಳು ಇಳಿತವನ್ನು ಗುರುತಿಸುವುದು ಕಷ್ಟವಲ್ಲ. ಅದು ಯಾವಾಗಲೂ ಕೊನೆಯ ಬಿಂದುವಿನಲ್ಲಿಯೇ ಇರುತ್ತದೆ. ದಿನ ಆರಂಭವಾದ ಕೂಡಲೇ ಅತ್ಯಂತ ಆಳವಾಗಿದ್ದು, ಮಳೆ ಬಿದ್ದಂತೆ ಸಂಜೆಯವರೆಗೆ ಮೇಲೇರುತ್ತಾ ಹೋಗುತ್ತದೆ. ಮರುದಿನ ನೋಡಿದರೆ ಆ ಇಳಿತ ಮಾಯವಾಗಿ, ಹೊಸ ಇಳಿತವೊಂದು ಮುಂದಿನ ದಿನದ ಮೇಲೆ ಕುಳಿತಿರುತ್ತದೆ. ಮಳೆ ನಿಜವಾಗಿ ಕಡಿಮೆಯಾಗಿದ್ದರೆ ಆ ದಿನದ ಬಿಂದು ಮರುದಿನವೂ ಕೆಳಗೇ ಉಳಿಯುತ್ತದೆ. ಇನ್ನೊಂದು ಮಾತು: ಕೂಡಿಸಿ ಲೆಕ್ಕ ಹಾಕುವ ಅಂಕಿಗಳಿಗೆ ಈ ದೋಷ ಖಂಡಿತವಾಗಿ ತಟ್ಟುತ್ತದೆ. ದಿನದ ಗರಿಷ್ಠ ಉಷ್ಣಾಂಶವೂ ಬೆಳಗಿನ ಹೊತ್ತು ಹೀಗೆಯೇ ಮೋಸ ಮಾಡುತ್ತದೆ, ಏಕೆಂದರೆ ಮಧ್ಯಾಹ್ನ ಇನ್ನೂ ಬಂದಿರುವುದಿಲ್ಲ. ಆದರೆ ಹೊಳೆಯ ಈ ಕ್ಷಣದ ನೀರಿನ ಮಟ್ಟ ಇಳಿದಂತೆ ಕಂಡರೆ ಅದಕ್ಕೆ ಈ ಕಾರಣ ಹೇಳುವಂತಿಲ್ಲ. ಅಲ್ಲಿ ಯಾವುದನ್ನೂ ಕೂಡಿಸಿರುವುದಿಲ್ಲ.

ಪರಿಹಾರವೇನು? 10 ಅಂಕಿಗಳಿಗೆ 15 ಮಿ.ಮೀ. ಆದರೆ 96ಕ್ಕೆ ಎಷ್ಟು ಎಂದು ತ್ರೈರಾಶಿ ಹಾಕಿ ಬಿಂದುವನ್ನು ಮೇಲೆತ್ತಬಹುದೆಂದು ಕೆಲವರು ಹೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು 144 ಆಗುತ್ತದೆ. ಇದನ್ನು ನಾನು ಒಪ್ಪಲಾರೆ. ಮಳೆ ಗಡಿಯಾರದ ಮುಳ್ಳಿನಂತೆ ಸಮನಾಗಿ ಸುರಿಯುವುದಿಲ್ಲ. ಬೆಳಿಗ್ಗೆ ಅಬ್ಬರಿಸಿ ಮಧ್ಯಾಹ್ನ ಬಿಸಿಲು ಬರುವ ದಿನಗಳನ್ನು ನಾವೆಲ್ಲ ಕಂಡಿದ್ದೇವೆ. ಅಳೆಯದ ಮಳೆಯನ್ನು ಅಳೆದ ಮಳೆಯೊಡನೆ ಒಂದೇ ಗೆರೆಯಲ್ಲಿ ಪೋಣಿಸಬಾರದು.

ಸರಿಯಾದ ದಾರಿಯೆಂದರೆ, ದಿನವಾರು ಗೆರೆಯನ್ನು ಕೊನೆಯ ಪೂರ್ಣ ದಿನಕ್ಕೇ ನಿಲ್ಲಿಸುವುದು. ಶಾಲೆಯ ಗಣಕದಲ್ಲಿ ಕೋಷ್ಟಕದ ಮೂಲಕ ಚಿತ್ರ ಬರೆಯುವ ವಿದ್ಯಾರ್ಥಿಗಳು B ಕಂಬದಲ್ಲಿ ದಿನದ ಮಳೆಯನ್ನೂ, C ಕಂಬದಲ್ಲಿ ಬಂದ ಅಂಕಿಗಳ ಎಣಿಕೆಯನ್ನೂ ಇಟ್ಟುಕೊಂಡು, D ಕಂಬದಲ್ಲಿ ಹೀಗೆ ಬರೆದರೆ ಸಾಕು:

```
=IF(C2=96,B2,NA())
```

D ಕಂಬದಿಂದ ಗೆರೆ ಎಳೆದರೆ ಅಪೂರ್ಣ ದಿನ ತುದಿಯಲ್ಲಿ ಕಾಣಿಸುವುದಿಲ್ಲ. ತಾರೀಖನ್ನು ನೋಡುವುದಕ್ಕಿಂತ ಎಣಿಕೆಯನ್ನು ನೋಡುವುದು ಮೇಲು. ಘಟ್ಟದಲ್ಲಿ ಮೊಬೈಲ್ ಸಂಕೇತ ಕಡಿದುಹೋದಾಗ ನಿನ್ನೆಯ ಅಂಕಿಗಳೂ ತಡವಾಗಿ ಬರಬಹುದು. ಆಗ ನಿನ್ನೆಯೂ ಅಪೂರ್ಣವೇ. ಆದರೆ ಒಂದು ಎಚ್ಚರ ಬೇಕು. ಇಂತಹ ದಿನ ನಡುವೆ ಸಿಕ್ಕಿದರೆ ಗೆರೆ ಅದನ್ನು ದಾಟಿ ಎರಡೂ ಕಡೆಯ ಬಿಂದುಗಳನ್ನು ಜೋಡಿಸಿಬಿಡಬಹುದು. ಅಲ್ಲಿ ಅಂಕಿ ಕೊರತೆಯಿದೆಯೆಂದು ಕೈಯಾರೆ ಗುರುತು ಹಾಕಬೇಕು.

ಇಂದಿನ ಮಳೆಯನ್ನು ಮುಚ್ಚಿಟ್ಟರೆ ಅಪಾಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಮುಚ್ಚಿಡುವುದು ಬೇಡ, ಬೇರೆಯಾಗಿ ತೋರಿಸೋಣ. ಗೆರೆಯ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ, "ಇಂದು 8.30ರಿಂದ 11.00ರವರೆಗೆ 15 ಮಿ.ಮೀ.; ನಿನ್ನೆ ಇದೇ ಹೊತ್ತಿಗೆ 11; ಕಳೆದ 24 ಗಂಟೆಗಳಲ್ಲಿ 135" ಎಂದಿರಲಿ. ಕಳೆದ 24 ಗಂಟೆಗಳ ಲೆಕ್ಕಕ್ಕೂ ಮಿತಿಯಿದೆ: ಈಗಷ್ಟೇ ಆರಂಭವಾದ ಬಿರುಸು ಅದರಲ್ಲಿ ತಡವಾಗಿ ಎದ್ದು ಕಾಣುತ್ತದೆ. ಹಾಗಾಗಿ ಕಳೆದ ಒಂದು ಗಂಟೆಯ ಮಳೆಯೂ ಜೊತೆಗಿರಬೇಕು.

ಮಳೆಯ ಚಿತ್ರಗಳನ್ನು ಜನರ ಮುಂದಿಡುವ ಇಲಾಖೆಗಳೂ, ಸಂಘಗಳೂ, ಶಾಲೆಗಳೂ ಮುಂದಿನ ಮುಂಗಾರಿನ ಒಳಗೆ ಇಷ್ಟನ್ನಾದರೂ ಮಾಡಬೇಕು. ಅಲ್ಲಿಯವರೆಗೆ ನಮ್ಮ ಓದುಗರಲ್ಲಿ ವಿನಂತಿ: ಪರದೆಯ ಗೆರೆ ಇಳಿದಿದ್ದರೆ ಕೊನೆಯ ಬಿಂದುವನ್ನು ಬೆರಳಿನಿಂದ ಮುಚ್ಚಿ, ಉಳಿದ ಗೆರೆಯನ್ನು ಓದಿ. ಆ ಬಿಂದು ಏನು ಹೇಳುತ್ತದೆಂದು ನಾಳೆ ಬೆಳಿಗ್ಗೆ ಎಂಟೂವರೆಯ ನಂತರ ಕೇಳೋಣ.